ಜನರೇಟರ್ ಕಮಿಷನಿಂಗ್ ರಿಪೋರ್ಟ್: ಸಹಿ ಹಾಕುವ ಮುನ್ನ ಏನು ನೋಡಬೇಕು

ಅಪಾರ್ಟ್‌ಮೆಂಟಿಗೆ ಹೊಸ ಡಿಜಿ ಸೆಟ್ ಬಂದಿದೆ. ಕ್ರೇನಿನಲ್ಲಿ ಇಳಿಸಿ ಕಟ್ಟೆಯ ಮೇಲೆ ಕೂರಿಸಿದ್ದಾರೆ, ಕೇಬಲ್ ಎಳೆದಿದ್ದಾರೆ, ಪ್ಯಾನೆಲ್ ಜೋಡಿಸಿದ್ದಾರೆ. ಒಂದು ದಿನ ಕಂಪನಿಯ ಸರ್ವಿಸ್ ಇಂಜಿನಿಯರ್ ಬಂದು ಸೆಟ್ ಓಡಿಸಿ ತೋರಿಸುತ್ತಾರೆ. ಸಂಜೆ ಅಸೋಸಿಯೇಷನ್ ಕಾರ್ಯದರ್ಶಿಯ ಮುಂದೆ ನಾಲ್ಕೈದು ಹಾಳೆಯ ಒಂದು ರಿಪೋರ್ಟ್ ಬರುತ್ತದೆ. ‘ಎಲ್ಲ ಓಕೆ ಇದೆ ಸರ್, ಇಲ್ಲೊಂದು ಸಹಿ’ ಅನ್ನುತ್ತಾರೆ.

ಆ ಸಹಿಯಿಂದ ಮೂರು ಸಂಗತಿ ಒಟ್ಟಿಗೆ ಆಗಿಬಿಡುತ್ತವೆ. ಯಂತ್ರ ನಿಮ್ಮದಾಗುತ್ತದೆ. ಸಾಮಾನ್ಯವಾಗಿ ವಾರಂಟಿಯ ದಿನ ಎಣಿಸಲು ಶುರುವಾಗುತ್ತದೆ. ಉಳಿದ ಹಣ ಕೊಡಬೇಕಾದ ಗಡುವೂ ಅಲ್ಲಿಂದಲೇ ಹತ್ತಿರ ಬರುತ್ತದೆ. ಹಾಗಾಗಿ ಆ ಹಾಳೆಗಳಲ್ಲಿ ಏನಿರಬೇಕು, ಯಾವ ಅಂಕಿ ಯಾವುದಕ್ಕೆ ತಾಳೆಯಾಗಬೇಕು ಅನ್ನುವುದು ಸಹಿ ಹಾಕುವವರಿಗೆ ತಿಳಿದಿರಲೇಬೇಕು. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಿಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮಾತು ಗಾಳಿಯಲ್ಲಿ ಹೋಗದಿರಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್. 125 ಕೆವಿಎ ಡೀಸೆಲ್ ಸೆಟ್, 415 ವೋಲ್ಟ್, ಮೂರು ಫೇಸ್, 50 ಹರ್ಟ್ಜ್, ನಿಮಿಷಕ್ಕೆ 1500 ಸುತ್ತು. ಲಿಫ್ಟ್, ನೀರಿನ ಪಂಪ್, ಮೆಟ್ಟಿಲು ಮತ್ತು ಬೇಸ್‌ಮೆಂಟಿನ ದೀಪ, ಪ್ರತಿ ಮನೆಗೆ ಸ್ವಲ್ಪ ಬ್ಯಾಕಪ್. ಹಿತ್ತಲಿನ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ, ಶಬ್ದ ತಡೆಯುವ ಕೆನಪಿಯೊಳಗೆ ಸೆಟ್ ಕೂತಿದೆ. ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ ಏನೇನು ಆಗುತ್ತದೋ ಅದನ್ನೇ ಈ ಉದಾಹರಣೆಯಲ್ಲಿ ತುಂಬಿದ್ದೇನೆ.

ಓಡಿಸುವ ಮುಂಚಿನ ಹಾಳೆ

ಮೊದಲ ಹಾಳೆಯಲ್ಲಿ ಇಂಜಿನ್ ನಂಬರ್, ಆಲ್ಟರ್ನೇಟರ್ ನಂಬರ್, ಪ್ಯಾನೆಲ್ ನಂಬರ್ ಇರುತ್ತವೆ. ಯಂತ್ರದ ಮೇಲಿನ ತಗಡಿನ ಪಟ್ಟಿಯನ್ನು ನೀವೇ ಓದಿ ಹೋಲಿಸಿ ನೋಡಿ. ಖರೀದಿ ಆರ್ಡರಿನಲ್ಲಿರುವ ಸೆಟ್ಟೇ ಬಂದಿದೆ ಅನ್ನುವುದಕ್ಕೆ ಇದೇ ದಾಖಲೆ. 2023ರ ಜುಲೈ 1ರಿಂದ ಹೊಸ ಸೆಟ್‌ಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4 ಪ್ಲಸ್ ಎಂಬ ಹೊಗೆಯ ನಿಯಮ ಬಂದಿದೆ. ಆ ಪ್ರಮಾಣಪತ್ರದ ನಕಲು ಇದೇ ಹಾಳೆಯ ಹಿಂದೆ ಇರಬೇಕು.

ಆಮೇಲೆ ಮೆಗ್ಗರ್ ರೀಡಿಂಗ್. ಆಲ್ಟರ್ನೇಟರಿನ ಒಳಗಿನ ತಂತಿಗಳ ಇನ್ಸುಲೇಷನ್ ಗಟ್ಟಿಯಾಗಿದೆಯಾ ಎಂದು 500 ವೋಲ್ಟ್ ಡಿಸಿ ಕೊಟ್ಟು ನೋಡುವ ಪರೀಕ್ಷೆ ಇದು. ಒಂದು ಮೆಗಾಓಮ್ ಅನ್ನುವುದು ಕನಿಷ್ಠ ಮಿತಿ. ಹೊಸ ಯಂತ್ರದಲ್ಲಿ ಇದು ಹತ್ತಾರು, ಎಷ್ಟೋ ಸಲ ನೂರಾರು ಮೆಗಾಓಮ್ ಬರುತ್ತದೆ. ಎರಡು ಅಥವಾ ಮೂರು ಬಂದರೆ ಮಿತಿಗಿಂತ ಜಾಸ್ತಿಯೇ ಇದೆ ಎಂದು ಬಿಡಬಾರದು. ಸಾಗಿಸುವಾಗ ಮಳೆನೀರು ಒಳಗೆ ಹೋಗಿರಬಹುದು, ಒಣಗಿಸಿ ಮತ್ತೆ ಅಳೆಯಲು ಹೇಳಿ. ಈ ಪರೀಕ್ಷೆಗೆ ಮೊದಲು ಎವಿಆರ್ ಅನ್ನು, ಅಂದರೆ ವೋಲ್ಟೇಜ್ ಹದದಲ್ಲಿಡುವ ಎಲೆಕ್ಟ್ರಾನಿಕ್ ಕಾರ್ಡನ್ನು, ಬಿಚ್ಚಿಡಬೇಕು. ಇಲ್ಲದಿದ್ದರೆ 500 ವೋಲ್ಟಿಗೆ ಅದು ಸುಟ್ಟುಹೋಗಬಹುದು. ‘ಎವಿಆರ್ ಬಿಚ್ಚಿ ಅಳೆದಿದೆ’ ಎಂದು ರಿಪೋರ್ಟಿನಲ್ಲಿ ಬರೆದಿರಬೇಕು.

ಅರ್ಥಿಂಗಿಗೆ ನಮ್ಮಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಡಿ: ನ್ಯೂಟ್ರಲ್‌ಗೆ ಎರಡು, ಸೆಟ್ಟಿನ ಲೋಹದ ಮೈಗೆ ಎರಡು. ಪ್ರತಿ ಗುಂಡಿಯ ಓಮ್ ಬೇರೆ ಬೇರೆಯಾಗಿ, ಉಳಿದವನ್ನು ಬಿಚ್ಚಿ ಅಳೆದಿರಬೇಕು. ಎಲ್ಲವನ್ನೂ ಸೇರಿಸಿಯೇ ಅಳೆದರೆ ಒಂದು ಗುಂಡಿ ಪೂರ್ತಿ ಕೆಟ್ಟಿದ್ದರೂ ಮಿಕ್ಕ ಮೂರು ಅದನ್ನು ಮುಚ್ಚಿಡುತ್ತವೆ. ಅಳೆದ ತಾರೀಖೂ ಮುಖ್ಯ. ಆಗಸ್ಟಿನ ಒದ್ದೆ ನೆಲದಲ್ಲಿ ಬಂದ ಅಂಕಿ ಏಪ್ರಿಲ್‌ನಲ್ಲಿ ಬರುವುದಿಲ್ಲ.

ಇಷ್ಟಾದ ಮೇಲೆ ಸೆಟ್ ಸ್ಟಾರ್ಟ್ ಮಾಡುತ್ತಾರೆ. ನಿಜವಾದ ಪರೀಕ್ಷೆ ಇಲ್ಲಿಂದ ಶುರು.

ಲೋಡ್ ಹಾಕದೆ ಏನೂ ಗೊತ್ತಾಗುವುದಿಲ್ಲ

ಖಾಲಿ ಓಡುವ ಜನರೇಟರ್ ಯಾವಾಗಲೂ ಚೆನ್ನಾಗಿಯೇ ಓಡುತ್ತದೆ. 415 ವೋಲ್ಟ್, 50 ಹರ್ಟ್ಜ್, ಸದ್ದೂ ಸಣ್ಣದು. ಎಷ್ಟೋ ರಿಪೋರ್ಟ್‌ಗಳು ಇಲ್ಲಿಗೇ ಮುಗಿಯುತ್ತವೆ. ಹೊಸ ಅಪಾರ್ಟ್‌ಮೆಂಟಿನಲ್ಲಿ ಇದಕ್ಕೊಂದು ಕಾರಣವೂ ಸಿಗುತ್ತದೆ: ಇನ್ನೂ ಹತ್ತು ಹನ್ನೆರಡು ಮನೆಗೆ ಮಾತ್ರ ಜನ ಬಂದಿದ್ದಾರೆ, ಇರುವ ಲೋಡೆಲ್ಲ ಸೇರಿಸಿದರೂ 18 ಕಿಲೋವ್ಯಾಟ್ ದಾಟುವುದಿಲ್ಲ. ನಮ್ಮ 125 ಕೆವಿಎ ಸೆಟ್ಟಿನ 100 ಕಿಲೋವ್ಯಾಟಿನ ಇಂಜಿನ್ನಿಗೆ ಅದು ಶೇ 18. ಇಷ್ಟರಲ್ಲಿ ರೇಡಿಯೇಟರ್ ಸಾಕಾಗುತ್ತದಾ, ಗಾಳಿ ಸಾಕಾಗುತ್ತದಾ ಏನೂ ತಿಳಿಯದು. ಅಲ್ಲದೆ ಶೇ 30ಕ್ಕಿಂತ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ, ಕಪ್ಪು ಜಿಡ್ಡು ಎಕ್ಸಾಸ್ಟ್ ಕೊಳವೆಯಲ್ಲಿ ಕೂರುತ್ತದೆ.

ಅದಕ್ಕೇ ಲೋಡ್ ಬ್ಯಾಂಕ್ ತರಿಸಬೇಕು. ದೊಡ್ಡ ಹೀಟರ್‌ಗಳು, ಅವನ್ನು ತಣ್ಣಗಿಡುವ ಫ್ಯಾನು, ಎಲ್ಲ ಒಂದು ಪೆಟ್ಟಿಗೆಯಲ್ಲಿ. ಬಾಡಿಗೆಗೆ ಸಿಗುತ್ತದೆ. ಬಾಡಿಗೆ ಯಾರು ಕೊಡಬೇಕು ಎಂಬುದನ್ನು ಆರ್ಡರ್ ಕೊಡುವಾಗಲೇ ಬರೆದುಕೊಂಡರೆ ಕೊನೆಯಲ್ಲಿ ಜಗಳ ಇರುವುದಿಲ್ಲ.

ಈಗ ಒಂದು ಲೆಕ್ಕ. ಕೆವಿಎಯಲ್ಲಿ ಎಷ್ಟು ಪಾಲು ನಿಜವಾದ ಕೆಲಸದ ಕಿಲೋವ್ಯಾಟ್ ಆಗುತ್ತದೆ ಎನ್ನುವುದೇ ಪವರ್ ಫ್ಯಾಕ್ಟರ್. 125 ಕೆವಿಎ, ಪವರ್ ಫ್ಯಾಕ್ಟರ್ 0.8 ಅಂದರೆ ಇಂಜಿನ್ ಕೊಡಬೇಕಾದ್ದು 100 ಕಿಲೋವ್ಯಾಟ್. ಆಗ ಪ್ರತಿ ಫೇಸಿನಲ್ಲಿ ಹರಿಯುವ ಕರೆಂಟ್ ಹೀಗೆ ಸಿಗುತ್ತದೆ:

```
I = 125000 / (1.732 × 415) = 174 A
```

ಆದರೆ ಹೀಟರಿನ ಲೋಡ್ ಬ್ಯಾಂಕಿನಲ್ಲಿ ಪವರ್ ಫ್ಯಾಕ್ಟರ್ 0.8 ಇರುವುದಿಲ್ಲ, 1 ಇರುತ್ತದೆ. ಅದೇ 100 ಕಿಲೋವ್ಯಾಟಿಗೆ ಕರೆಂಟ್ ಬರುವುದು ಬರೀ 139 ಆಂಪಿಯರ್. ಅಂದರೆ ಇಂಜಿನ್ ಪೂರ್ತಿ ದುಡಿಯುತ್ತಿದೆ, ಆಲ್ಟರ್ನೇಟರಿನ ತಂತಿಗಳು ಮಾತ್ರ ಪೂರ್ತಿ ಕರೆಂಟ್ ಕಂಡಿಲ್ಲ. ಇದು ತಪ್ಪೇನಲ್ಲ, ಆಲ್ಟರ್ನೇಟರನ್ನು ಫ್ಯಾಕ್ಟರಿಯಲ್ಲಿ ಪರೀಕ್ಷಿಸಿದ ಪ್ರಮಾಣಪತ್ರ ಜೊತೆಗೆ ಇರಬೇಕು ಅಷ್ಟೆ. ಆದರೆ ರಿಪೋರ್ಟಿನ ಒಂದೇ ಸಾಲಿನಲ್ಲಿ ‘415 ವೋಲ್ಟ್, 174 ಆಂಪಿಯರ್, 100 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 1.0’ ಎಂದು ಕಂಡರೆ ಅಲ್ಲಿಗೇ ನಿಲ್ಲಿಸಿ. ಈ ನಾಲ್ಕು ಅಂಕಿ ಒಟ್ಟಿಗೆ ಬರಲು ಸಾಧ್ಯವೇ ಇಲ್ಲ. 174 ಆಂಪಿಯರ್ ನಿಜವಾದರೆ ಪವರ್ 125 ಕಿಲೋವ್ಯಾಟ್ ಆಗಬೇಕು. ಯಾರೋ ನೇಮ್‌ಪ್ಲೇಟ್ ನೋಡಿಕೊಂಡು ಕೂತಲ್ಲೇ ತುಂಬಿದ್ದಾರೆ.

ನಮ್ಮ ಉದಾಹರಣೆಯ ಲೋಡ್ ಟೆಸ್ಟ್ ಹಾಳೆ ಇಲ್ಲಿದೆ. 10:15ಕ್ಕೆ ಸ್ಟಾರ್ಟ್, 10:30ರವರೆಗೆ ಖಾಲಿ ಓಟ, ಆಮೇಲೆ ಅರ್ಧರ್ಧ ಗಂಟೆಗೆ ಲೋಡ್ ಏರಿಸಿದ್ದಾರೆ. 12 ಗಂಟೆಯಿಂದ 1:30ರವರೆಗೆ ಪೂರ್ತಿ ಲೋಡ್. ಪ್ರತಿ ಹಂತದ ಕೊನೆಯಲ್ಲಿ ರೀಡಿಂಗ್ ತೆಗೆದುಕೊಂಡಿದ್ದಾರೆ. ವೋಲ್ಟೇಜ್, ಫ್ರೀಕ್ವೆನ್ಸಿ, ಆಯಿಲ್ ಪ್ರೆಶರ್ ಎಲ್ಲ ಹದದಲ್ಲೇ ಇದ್ದವು, ಅವನ್ನು ಇಲ್ಲಿ ಬಿಟ್ಟಿದ್ದೇನೆ.

| ಸಮಯ | ಲೋಡ್ (ಕಿಲೋವ್ಯಾಟ್) | ಕರೆಂಟ್ (ಆಂಪಿಯರ್) | ಇಂಜಿನ್ ನೀರಿನ ಬಿಸಿ (ಡಿಗ್ರಿ) | ಕೆನಪಿಗೆ ಹೋಗುವ ಗಾಳಿ (ಡಿಗ್ರಿ) | ಹೊರಗಿನ ಗಾಳಿ (ಡಿಗ್ರಿ) |
|---|---|---|---|---|---|
| 10:30 | 0 | 0 | 64 | 30 | 29 |
| 11:00 | 25 | 35 | 78 | 31 | 29 |
| 11:30 | 50 | 70 | 83 | 33 | 30 |
| 12:00 | 75 | 104 | 87 | 35 | 30 |
| 12:30 | 100 | 139 | 91 | 38 | 31 |
| 1:00 | 100 | 139 | 94 | 41 | 31 |
| 1:30 | 100 | 139 | 97 | 43 | 31 |

ಈ ಸೆಟ್ಟಿನ ಕಂಟ್ರೋಲರಿನಲ್ಲಿ ನೀರಿನ ಬಿಸಿ 103 ಡಿಗ್ರಿ ಮುಟ್ಟಿದರೆ ಇಂಜಿನ್ ನಿಲ್ಲಿಸು ಎಂದು ಹಾಕಿದೆ. 97 ಅದಕ್ಕಿಂತ ಕಡಿಮೆ. ಹಾಗಾಗಿ ಸರ್ವಿಸ್ ಇಂಜಿನಿಯರ್ ಕಡೆಯಿಂದ ‘ಮಿತಿಯೊಳಗೆ ಇದೆ, ಪಾಸ್’ ಎಂಬ ಮಾತು ಬರುವುದು ಸಹಜ. ಆದರೆ ಕೊನೆಯ ಮೂರು ಸಾಲು ಇನ್ನೊಮ್ಮೆ ನೋಡಿ. ಲೋಡ್ ಒಂದೇ, ಹೊರಗಿನ ಬಿಸಿಲೂ ಒಂದೇ. ಆದರೂ ನೀರು 91, 94, 97 ಎಂದು ಏರುತ್ತಲೇ ಇದೆ. ಸರಿಯಾದ ಸೆಟ್ಟಿನಲ್ಲಿ ಪೂರ್ತಿ ಲೋಡ್ ಹಾಕಿ ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಬಿಸಿ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಇಲ್ಲಿ ನಿಂತಿಲ್ಲ. ಪರೀಕ್ಷೆಯನ್ನು 12:30ಕ್ಕೆ ಮುಗಿಸಿದ್ದರೆ 91 ಡಿಗ್ರಿ ಎಂಬ ಚಂದದ ಅಂಕಿ ಬರೆದು ಎಲ್ಲರೂ ಮನೆಗೆ ಹೋಗುತ್ತಿದ್ದರು.

ಕಾರಣ ಐದನೇ ಕಾಲಮ್ಮಿನಲ್ಲಿದೆ. ಬೆಳಿಗ್ಗೆ ಕೆನಪಿಗೆ ಹೋಗುವ ಗಾಳಿಗೂ ಹೊರಗಿನ ಗಾಳಿಗೂ ಒಂದೇ ಡಿಗ್ರಿ ವ್ಯತ್ಯಾಸ. ಮಧ್ಯಾಹ್ನ 1:30ಕ್ಕೆ ಅದು 12 ಡಿಗ್ರಿ. ರೇಡಿಯೇಟರಿನಿಂದ ಹೊರಬಿದ್ದ ಬಿಸಿಗಾಳಿ ಎದುರಿನ ಕಾಂಪೌಂಡ್ ಗೋಡೆಗೆ ಬಡಿದು, ತಿರುಗಿ ಕೆನಪಿಯ ಬದಿಯಿಂದ ಮತ್ತೆ ಒಳಗೆ ಹೋಗುತ್ತಿದೆ. ತಾನೇ ಬಿಟ್ಟ ಬಿಸಿಯನ್ನು ತಾನೇ ಕುಡಿಯುತ್ತಿದೆ. ಇಂಜಿನ್ ತಪ್ಪಲ್ಲ, ರೇಡಿಯೇಟರ್ ತಪ್ಪಲ್ಲ, ಕೂರಿಸಿದ ಜಾಗದ ತಪ್ಪು. ಹೀಗಾಗಿ ಇಂಜಿನ್ ಕಂಪನಿಯವರು ಇದನ್ನು ತಾವಾಗಿ ಹೇಳುವುದು ಅಪರೂಪ.

ಇದು ಏಪ್ರಿಲ್‌ನಲ್ಲಿ ಏನಾಗುತ್ತದೆ ಎಂದು ಯೋಚಿಸಿ. ಪರೀಕ್ಷೆಯ ದಿನ ಹೊರಗೆ 31 ಡಿಗ್ರಿ. ಬೆಂಗಳೂರಿನ ಬೇಸಿಗೆಯಲ್ಲಿ 37 ಆದರೆ, ಆರು ಡಿಗ್ರಿ ಜಾಸ್ತಿ. ಒಳಗೆ ಹೋಗುವ ಗಾಳಿ ಎಷ್ಟು ಏರುತ್ತದೋ ನೀರಿನ ಬಿಸಿಯೂ ಸರಿಸುಮಾರು ಅಷ್ಟೇ ಏರುತ್ತದೆ. 97ಕ್ಕೆ 6 ಸೇರಿಸಿದರೆ 103. ಅಲ್ಲಿಗೆ ಸೆಟ್ ಟ್ರಿಪ್. ಮಧ್ಯಾಹ್ನದ ಹೊತ್ತು, ಲಿಫ್ಟಿನಲ್ಲಿ ಜನ ಇರುವಾಗ. ಹೊರಗಿನ ಗಾಳಿಯ ಬಿಸಿ ಬರೆಯದ ಲೋಡ್ ಟೆಸ್ಟ್ ಹಾಳೆ ಅರ್ಧ ಹಾಳೆ ಎನ್ನುವುದು ಇದಕ್ಕೇ.

ಎತ್ತರದ ಮಾತೂ ಒಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ಮಂಗಳೂರಿಗಿಂತ ತೆಳು. ಎತ್ತರ ಮತ್ತು ಬಿಸಿ ಹೆಚ್ಚಾದಂತೆ ಇಂಜಿನ್ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬ ಪಟ್ಟಿ ತಯಾರಕರ ಬಳಿ ಇರುತ್ತದೆ. ನಿಮ್ಮ ಜಾಗಕ್ಕೆ ಎಷ್ಟು ಬರುತ್ತದೆ ಎಂದು ಕೇಳಿ, ಅದನ್ನು ರಿಪೋರ್ಟಿಗೆ ಸೇರಿಸಿಕೊಳ್ಳಿ.

ಅಂಕಿಗಳು ಒಂದಕ್ಕೊಂದು ಸಾಕ್ಷಿ ಹೇಳಬೇಕು

ಪರೀಕ್ಷೆ ನಡೆದಾಗ ನೀವು ಪೂರ್ತಿ ಹೊತ್ತು ಅಲ್ಲೇ ನಿಂತಿರಲಾರಿರಿ. ಪರವಾಗಿಲ್ಲ, ಹಾಳೆಯೊಳಗೇ ಸಾಕ್ಷಿಗಳಿವೆ.

ಮೊದಲನೆಯದು ಅವರ್ ಮೀಟರ್. ಪರೀಕ್ಷೆ 10:15ರಿಂದ 1:30ರವರೆಗೆ, ಅಂದರೆ ಮೂರೂಕಾಲು ಗಂಟೆ. ಶುರುವಿನಲ್ಲಿ ಮೀಟರ್ 1.8 ಇದ್ದರೆ ಕೊನೆಗೆ 5.1ರ ಆಸುಪಾಸು ಇರಬೇಕು. ಹಾಳೆಯಲ್ಲಿ ಮೂರೂಕಾಲು ಗಂಟೆಯ ರೀಡಿಂಗ್ ಇದ್ದು ಮೀಟರ್ ಮಾತ್ರ 2.6ರಲ್ಲಿ ನಿಂತಿದ್ದರೆ ವಿಷಯ ಸ್ಪಷ್ಟ.

ಎರಡನೆಯದು ಯೂನಿಟ್. ಅರ್ಧ ಗಂಟೆ 25 ಕಿಲೋವ್ಯಾಟ್, ಅರ್ಧ ಗಂಟೆ 50, ಅರ್ಧ ಗಂಟೆ 75, ಒಂದೂವರೆ ಗಂಟೆ 100. ಕೂಡಿಸಿದರೆ 12.5, 25, 37.5, 150, ಒಟ್ಟು 225 ಯೂನಿಟ್. ಕಂಟ್ರೋಲರಿನ ಪರದೆಯಲ್ಲಿ `kWh` ಎಂದು ತೋರಿಸುವ ಅಂಕಿ ಅಷ್ಟು ಏರಿರಬೇಕು.

ಮೂರನೆಯದು ಡೀಸೆಲ್. ಈ ಗಾತ್ರದ ಸೆಟ್ ಒಳ್ಳೆಯ ಲೋಡಿನಲ್ಲಿ ಲೀಟರಿಗೆ ಸುಮಾರು ಮೂರೂವರೆಯಿಂದ ನಾಲ್ಕು ಯೂನಿಟ್ ಕೊಡುತ್ತದೆ. ಹಾಗಾದರೆ 225 ಯೂನಿಟಿಗೆ 60 ಲೀಟರಿನ ಹತ್ತಿರ ಖರ್ಚಾಗಿರಬೇಕು. ಟ್ಯಾಂಕಿನಲ್ಲಿ 20 ಲೀಟರ್ ಮಾತ್ರ ಇಳಿದಿದ್ದರೆ ಅಷ್ಟು ಲೋಡ್ ಹಾಕಿಯೇ ಇಲ್ಲ. ನೂರು ಲೀಟರ್ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಇಂಜಿನ್ನಿನಲ್ಲಿ ದೋಷ ಇದೆ. ಡೀಸೆಲ್ ಮಟ್ಟವನ್ನು ಪರೀಕ್ಷೆಯ ಮುಂಚೆ, ಆಮೇಲೆ ಎರಡೂ ಸಲ ಬರೆಸಿಕೊಳ್ಳಲು ಖರ್ಚೇನೂ ಇಲ್ಲ. ಸುಮ್ನೆ ಒಂದು ಸಾಲು.

ಒಮ್ಮೆಗೇ ಲೋಡ್ ಬಿದ್ದಾಗ

ನಿಧಾನಕ್ಕೆ ಏರಿಸಿದ ಲೋಡನ್ನು ಹೊರುವುದು ಒಂದು ಸಂಗತಿ. ಕರೆಂಟ್ ಹೋದ ತಕ್ಷಣ ಲಿಫ್ಟ್, ಪಂಪ್, ದೀಪ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಾಗ ತಡೆದುಕೊಳ್ಳುವುದು ಇನ್ನೊಂದು. ನಿಜ ಜೀವನದಲ್ಲಿ ಆಗುವುದು ಎರಡನೆಯದೇ ಅಲ್ವಾ?

ಹಾಗಾಗಿ ಲೋಡ್ ಬ್ಯಾಂಕಿನಲ್ಲಿ 60 ಕಿಲೋವ್ಯಾಟನ್ನು ಒಂದೇ ಏಟಿಗೆ ಹಾಕಿ ನೋಡಬೇಕು. ಆ ಕ್ಷಣ ವೋಲ್ಟೇಜೂ ಫ್ರೀಕ್ವೆನ್ಸಿಯೂ ಕುಸಿಯುತ್ತವೆ, ಆಮೇಲೆ ಎದ್ದು ನಿಲ್ಲುತ್ತವೆ. ಎಷ್ಟು ಕುಸಿಯಬಹುದು, ಎಷ್ಟು ಸೆಕೆಂಡಿನಲ್ಲಿ ಏಳಬೇಕು ಎನ್ನುವುದಕ್ಕೆ ಐಎಸ್‌ಒ 8528 ಎಂಬ ಮಾನದಂಡದಲ್ಲಿ ದರ್ಜೆಗಳಿವೆ. ಅಪಾರ್ಟ್‌ಮೆಂಟಿನ ಲಿಫ್ಟು, ಪಂಪು, ದೀಪಕ್ಕೆ ಸಾಮಾನ್ಯವಾಗಿ ಜಿ2 ದರ್ಜೆ ಸಾಕು. ಅದರ ಪ್ರಕಾರ ವೋಲ್ಟೇಜ್ ಶೇ 20ಕ್ಕಿಂತ ಹೆಚ್ಚು ಕುಸಿಯಬಾರದು, 6 ಸೆಕೆಂಡಿನೊಳಗೆ ಸರಿಯಾಗಬೇಕು. ಫ್ರೀಕ್ವೆನ್ಸಿ ಶೇ 10ಕ್ಕಿಂತ ಹೆಚ್ಚು ಇಳಿಯಬಾರದು, 5 ಸೆಕೆಂಡಿನೊಳಗೆ ಮೇಲೆ ಬರಬೇಕು.

ನಮ್ಮ ಉದಾಹರಣೆಯಲ್ಲಿ 415 ಇದ್ದದ್ದು 352 ವೋಲ್ಟಿಗೆ ಇಳಿಯಿತು, ಅಂದರೆ ಶೇ 15. ಫ್ರೀಕ್ವೆನ್ಸಿ 50ರಿಂದ 46.8ಕ್ಕೆ, ಶೇ 6.4. ಎರಡೂ ಮೂರು ಸೆಕೆಂಡಿನೊಳಗೆ ಸರಿಹೋದವು. ಪಾಸ್.

ಆದರೆ ಈ ಅಂಕಿಗಳನ್ನು ಯಾವುದರಿಂದ ಅಳೆದರು ಎಂದು ಕೇಳಿ. ಕೈಯಲ್ಲಿ ಹಿಡಿಯುವ ಸಾಮಾನ್ಯ ಮೀಟರ್ ಇಷ್ಟು ಬೇಗ ಆಗುವ ಕುಸಿತವನ್ನು ಹಿಡಿಯುವುದಿಲ್ಲ. ಅದರ ಪರದೆ ಬದಲಾಗುವಷ್ಟರಲ್ಲಿ ವೋಲ್ಟೇಜ್ ಮೇಲೆದ್ದಿರುತ್ತದೆ, ‘408 ವೋಲ್ಟ್’ ಎಂದು ಕಾಣುತ್ತದೆ. ರೆಕಾರ್ಡ್ ಮಾಡುವ ಪವರ್ ಅನಲೈಸರ್ ಬೇಕು, ಅದರ ಗ್ರಾಫನ್ನು ರಿಪೋರ್ಟಿಗೆ ಅಂಟಿಸಿರಬೇಕು. 60 ಕಿಲೋವ್ಯಾಟ್ ಏಕಾಏಕಿ ಬಿದ್ದಾಗ ವೋಲ್ಟೇಜ್ ಐದಾರು ವೋಲ್ಟ್ ಮಾತ್ರ ಇಳಿಯಿತು ಎಂದು ಬರೆದಿದ್ದರೆ ಅದು ಸೆಟ್ಟಿನ ಹೆಗ್ಗಳಿಕೆ ಎಂದುಕೊಳ್ಳಬೇಡಿ, ಮೀಟರಿನ ಕುರುಡು.

ಕೆಲವರು ‘ಒಂದು ಗಂಟೆ ಶೇ 110 ಲೋಡ್ ಹಾಕಿ ತೋರಿಸಿ’ ಎಂದು ಪಟ್ಟು ಹಿಡಿಯುತ್ತಾರೆ. ನೇಮ್‌ಪ್ಲೇಟಿನಲ್ಲಿ ಪ್ರೈಮ್ ರೇಟಿಂಗ್ ಎಂದಿದ್ದರೆ 12 ಗಂಟೆಗೆ ಒಂದು ಗಂಟೆ ಶೇ 10 ಹೆಚ್ಚಿನ ಲೋಡ್ ಕೇಳುವುದು ರೂಢಿ. ಸ್ಟ್ಯಾಂಡ್‌ಬೈ ರೇಟಿಂಗ್ ಎಂದಿದ್ದರೆ ಆ ಅಂಕಿಯೇ ಕೊನೆ, ಅದರ ಮೇಲೆ ಹಾಕಬಾರದು. ಕೇಳುವ ಮುಂಚೆ ಪಟ್ಟಿ ಓದಿ.

ಕರೆಂಟ್ ಹೋಗಿ ಬರುವ ಆಟ

ಎಎಂಎಫ್ ಪ್ಯಾನೆಲ್ಲಿನ ಕೆಲಸ ಕರೆಂಟ್ ಹೋದದ್ದನ್ನು ಗಮನಿಸಿ, ಸೆಟ್ ಸ್ಟಾರ್ಟ್ ಮಾಡಿ, ಲೋಡ್ ಬದಲಿಸಿ, ಕರೆಂಟ್ ಬಂದ ಮೇಲೆ ವಾಪಸ್ ಕೊಡುವುದು. ಇದನ್ನು ಕಂಟ್ರೋಲರಿನ ಟೆಸ್ಟ್ ಗುಂಡಿ ಒತ್ತಿ ತೋರಿಸುವ ಅಭ್ಯಾಸ ಇದೆ. ಅದು ಸಾಲದು. ಗುಂಡಿ ಒತ್ತಿದರೆ ಇಂಜಿನ್ ಸ್ಟಾರ್ಟ್ ಆಗುತ್ತದೆ ಎಂದಷ್ಟೇ ಗೊತ್ತಾಗುತ್ತದೆ. ಕರೆಂಟ್ ಹೋದದ್ದು ಪ್ಯಾನೆಲ್ಲಿಗೆ ತಿಳಿಯುತ್ತದಾ ಎನ್ನುವುದು ತಿಳಿಯುವುದಿಲ್ಲ. ಹೊರಗಿನಿಂದ ಬರುವ ಮೇನ್ ಬ್ರೇಕರನ್ನೇ ಆಫ್ ಮಾಡಬೇಕು. ಆಮೇಲೆ ಇನ್ನೊಮ್ಮೆ, ಕರೆಂಟ್ ಗಮನಿಸುವ ಮೂರು ತಂತಿಗಳ ಫ್ಯೂಸ್‌ಗಳಲ್ಲಿ ಒಂದನ್ನು ಮಾತ್ರ ತೆಗೆಯಬೇಕು. ನಮ್ಮಲ್ಲಿ ಒಂದೇ ಫೇಸ್ ಹೋಗುವುದು ಎಷ್ಟು ಸಾಮಾನ್ಯ ಎಂದು ಎಲ್ಲರಿಗೂ ಗೊತ್ತು. ಪ್ಯಾನೆಲ್ ಒಂದು ಫೇಸನ್ನಷ್ಟೇ ನೋಡುತ್ತಿದ್ದರೆ, ಬೇರೆ ಫೇಸ್ ಹೋದ ದಿನ ಮೋಟರ್‌ಗಳು ಎರಡೇ ಫೇಸಿನಲ್ಲಿ ನರಳಿ ಸುಡುತ್ತವೆ, ಡಿಜಿ ಸುಮ್ಮನೆ ಕೂತಿರುತ್ತದೆ.

ಪ್ರತಿ ಹಂತದ ಸೆಕೆಂಡ್ ಬರೆಯಬೇಕು: ಕರೆಂಟ್ ಹೋಗಿ ಎಷ್ಟು ಹೊತ್ತಿಗೆ ಇಂಜಿನ್ ತಿರುಗಿತು, ಎಷ್ಟು ಹೊತ್ತಿಗೆ ದೀಪ ಬಂತು, ಕರೆಂಟ್ ಬಂದ ಎಷ್ಟು ಹೊತ್ತಿಗೆ ಲೋಡ್ ವಾಪಸ್ ಹೋಯಿತು, ಆಮೇಲೆ ಎಷ್ಟು ನಿಮಿಷ ಖಾಲಿ ಓಡಿ ತಣಿಯಿತು. ಇದೇ ಹೊತ್ತಿಗೆ ಫೇಸ್ ಸೀಕ್ವೆನ್ಸ್ ಕೂಡ ನೋಡಿರಬೇಕು. ಮೇನ್ಸ್‌ನಲ್ಲೂ ಡಿಜಿಯಲ್ಲೂ ಮೂರು ಫೇಸಿನ ಸರದಿ ಒಂದೇ ಇರದಿದ್ದರೆ, ಡಿಜಿ ಮೇಲೆ ಓಡುವಾಗ ಪಂಪ್ ಉಲ್ಟಾ ತಿರುಗುತ್ತದೆ.

ಇನ್ನೊಂದು ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಅದು ಇಂಟರ್‌ಲಾಕ್. ಮೇನ್ಸ್ ಬ್ರೇಕರ್ ಆನ್ ಇರುವಾಗ ಡಿಜಿ ಬ್ರೇಕರನ್ನು ಕೈಯಿಂದ ಆನ್ ಮಾಡಲು ನೋಡಬೇಕು. ಆಗಬಾರದು. ತಿರುಗಿಸಿಯೂ ಅದೇ. ಎರಡೂ ಒಟ್ಟಿಗೆ ಸೇರಿಬಿಟ್ಟರೆ ನಿಮ್ಮ ಡಿಜಿಯ ಕರೆಂಟ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರಿಗೆ ಹೋಗಿ ಲೈನಿನಲ್ಲಿ ಏರುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಸಾಯುತ್ತಾನೆ. ಈ ಒಂದು ಸಾಲಿನ ಮುಂದೆ ಪರೀಕ್ಷೆ ಮಾಡಿದವರ ಸಹಿಯೂ ನೋಡಿದವರ ಸಹಿಯೂ ಬೇರೆಯಾಗಿ ಇರಲಿ ಎಂದು ನಾನು ಯಾವಾಗಲೂ ಕೇಳುತ್ತೇನೆ.

ಸ್ನ್ಯಾಗ್ ಬರೆಯುವ ರೀತಿ

ಪರೀಕ್ಷೆಯಲ್ಲಿ ಕಂಡ ಕೊರತೆಗಳ ಪಟ್ಟಿಗೆ ಸ್ನ್ಯಾಗ್ ಲಿಸ್ಟ್ ಅನ್ನುತ್ತಾರೆ. ‘ಗಾಳಿ ವ್ಯವಸ್ಥೆ ಸರಿಮಾಡಿ’ ಎಂದು ಬರೆದರೆ ನಾಳೆ ಯಾರೋ ಕೆನಪಿಯ ಜಾಲರಿ ಒರೆಸಿ ‘ಸರಿಮಾಡಿದೆ’ ಎಂದು ಟಿಕ್ ಹಾಕುತ್ತಾರೆ. ಏನು ಕಂಡಿತು, ಏನು ಮಾಡಬೇಕು, ಯಾರು, ಯಾವಾಗ, ಸರಿಹೋಯಿತೆಂದು ಹೇಗೆ ತಿಳಿಯುವುದು, ಇಷ್ಟೂ ಇರಬೇಕು. ನಮ್ಮ ಬಿಸಿಗಾಳಿಯ ಸ್ನ್ಯಾಗ್ ಹೀಗೆ:

‘ಪೂರ್ತಿ ಲೋಡಿನಲ್ಲಿ ಒಂದೂವರೆ ಗಂಟೆಯಾದರೂ ನೀರಿನ ಬಿಸಿ ನಿಂತಿಲ್ಲ, 97 ಡಿಗ್ರಿ. ಒಳಗೆ ಹೋಗುವ ಗಾಳಿ ಹೊರಗಿಗಿಂತ 12 ಡಿಗ್ರಿ ಜಾಸ್ತಿ. ರೇಡಿಯೇಟರ್ ಗಾಳಿಯನ್ನು ತಗಡಿನ ಡಕ್ಟ್ ಮೂಲಕ ಗೋಡೆಯ ಮೇಲಕ್ಕೆ ಬಿಡಬೇಕು. ಸರಬರಾಜುದಾರರ ಹೊಣೆ. ಪೂರ್ತಿ ಲೋಡಿನಲ್ಲಿ ಮರುಪರೀಕ್ಷೆ ಮಾಡಿ, ಕೊನೆಯ ಅರ್ಧ ಗಂಟೆಯಲ್ಲಿ ಬಿಸಿ ಒಂದು ಡಿಗ್ರಿಗಿಂತ ಹೆಚ್ಚು ಏರದಿದ್ದರೆ ಮಾತ್ರ ಮುಕ್ತಾಯ.’

ಡಕ್ಟ್ ಹಾಕುವಾಗ ಅದರ ಅಗಲ ರೇಡಿಯೇಟರಿನ ಬಾಯಿಗಿಂತ ಕಡಿಮೆ ಆಗಬಾರದು. ಕಿರಿದಾದರೆ ಫ್ಯಾನಿನ ಗಾಳಿಗೆ ತಡೆಯಾಗಿ ಬಿಸಿ ಇನ್ನೂ ಏರುತ್ತದೆ. ನಮ್ಮ ಉದಾಹರಣೆಯಲ್ಲಿ ಡಕ್ಟ್ ಆದ ಮೇಲೆ ಮತ್ತೆ ಪೂರ್ತಿ ಲೋಡ್ ಹಾಕಿದಾಗ ನೀರು 90, 91, 91ರಲ್ಲಿ ನಿಂತಿತು. ಹೊರಗೆ 30 ಡಿಗ್ರಿ ಇದ್ದಾಗ ಒಳಗೆ ಹೋಗುವ ಗಾಳಿ 34.

ಇಂಥ ಪಟ್ಟಿಯಲ್ಲಿ ಮತ್ತೆ ಮತ್ತೆ ಸಿಗುವ ಇನ್ನೆರಡು ಸ್ನ್ಯಾಗ್ ಹೇಳಿಬಿಡುತ್ತೇನೆ. ಒಂದು, ಬ್ಯಾಟರಿ ಚಾರ್ಜರ್. ಡಿಜಿಯ ಬ್ಯಾಟರಿ ಕರೆಂಟ್ ಇರುವಾಗಲೆಲ್ಲ ಚಾರ್ಜ್ ಆಗುತ್ತಿರಬೇಕು. ಆ ಚಾರ್ಜರಿಗೆ ಸಪ್ಲೈ ಎಲ್ಲಿಂದ ಬಂದಿದೆ ಎಂದು ಯಾರೂ ನೋಡುವುದಿಲ್ಲ. ಕೆಲಸದ ವೇಳೆ ಎಳೆದ ತಾತ್ಕಾಲಿಕ ಪ್ಲಗ್ಗಿನಿಂದ ಕೊಟ್ಟಿದ್ದರೆ, ಕೆಲಸಗಾರರು ಹೋದ ದಿನ ಅದೂ ಹೋಗುತ್ತದೆ. ಕೆಲವು ವಾರ ಬಿಟ್ಟು ಕರೆಂಟ್ ಹೋದಾಗ ಸೆಟ್ ‘ಟಿಕ್ ಟಿಕ್’ ಅನ್ನುತ್ತದೆ, ತಿರುಗುವುದಿಲ್ಲ. ಕಮಿಷನಿಂಗ್ ದಿನ ಇಂಥದ್ದು ಸಿಗಬೇಕಾದರೆ ಚಾರ್ಜರಿನ ಎಂಸಿಬಿ ಯಾವ ಬೋರ್ಡಿನದು ಎಂದು ರಿಪೋರ್ಟಿನಲ್ಲಿ ಬರೆಸಬೇಕು. 12 ವೋಲ್ಟಿನ ಬ್ಯಾಟರಿಯಾದರೆ ಚಾರ್ಜರ್ ಆನ್ ಇರುವಾಗ 13.5 ವೋಲ್ಟಿನ ಆಸುಪಾಸು ಅಥವಾ ಅದಕ್ಕಿಂತ ಮೇಲೆ ಇರಬೇಕು. 12.5 ಇದ್ದರೆ ಚಾರ್ಜರ್ ಇದೆ, ಕೆಲಸ ಮಾಡುತ್ತಿಲ್ಲ.

ಎರಡು, ಹೊಗೆ ಕೊಳವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಕೊಳವೆಯ ಎತ್ತರ ಇಷ್ಟಿರಬೇಕು:

```
H = h + 0.2 × √kVA
```

ಇಲ್ಲಿ `h` ಅಂದರೆ ಕಟ್ಟಡದ ಎತ್ತರ, ಮೀಟರಿನಲ್ಲಿ. 125ರ ವರ್ಗಮೂಲ 11.2, ಅದರ ಐದನೇ ಒಂದು ಭಾಗ 2.2. ಕಟ್ಟಡ 15 ಮೀಟರ್ ಇದ್ದರೆ ಕೊಳವೆ 17.2 ಮೀಟರ್ ಆಗಬೇಕು. ಕೆನಪಿಯ ಮೇಲೆ ಎರಡು ಮೀಟರ್ ನಿಲ್ಲಿಸಿ ‘ನಿಯಮದಂತೆ ಇದೆ’ ಎಂದು ಬರೆದುಬಿಡುವುದುಂಟು. ಸೆಟ್ ಕಟ್ಟಡದಿಂದ ಹೊರಗೆ, ಹಿತ್ತಲಿನಲ್ಲಿದೆ, ಅದಕ್ಕೆ `h` ಸೊನ್ನೆ ಎಂಬ ವಾದವೂ ಬರುತ್ತದೆ. ಮೂರನೇ ಮಹಡಿಯ ಕಿಟಕಿಗೆ ಹೊಗೆ ಹೋಗುವುದು ಮಾತ್ರ ವಾದದಿಂದ ನಿಲ್ಲುವುದಿಲ್ಲ. `h` ಎಷ್ಟು, ಯಾವ ಕಟ್ಟಡದ್ದು ಎಂದು ಹಾಳೆಯಲ್ಲೇ ಬರೆಸಿ. ಎತ್ತರದ ಕೊಳವೆಯ ಭಾರವನ್ನು ಗೋಡೆಗೆ ಕಟ್ಟಿದ ಬ್ರಾಕೆಟ್ ಹೊರಬೇಕು, ಇಂಜಿನ್ನಿನ ಟರ್ಬೊ ಹೊರಬಾರದು. ಇದನ್ನು ಕಣ್ಣಿನಿಂದಲೇ ನೋಡಬಹುದು. ಕೊಳವೆ ಉದ್ದವಾದಷ್ಟು, ತಿರುವು ಹೆಚ್ಚಿದಷ್ಟು ಹೊಗೆ ಹೊರಬೀಳಲು ಇಂಜಿನ್ ತಿಣುಕುತ್ತದೆ. ಹೀಗಾಗಿ ಬ್ಯಾಕ್ ಪ್ರೆಶರ್ ಅಳೆದು, ತಯಾರಕರ ಮಿತಿಯ ಪಕ್ಕದಲ್ಲಿ ಬರೆದಿರಬೇಕು.

ಒಪ್ಪಿಕೊಳ್ಳುವ ಹಾಳೆ

ಕೊನೆಯ ಹಾಳೆಯಲ್ಲಿ ಬಹಳ ಸಲ ‘ಸ್ವೀಕರಿಸಲಾಗಿದೆ’ ಎಂಬ ಒಂದೇ ಚೌಕ ಇರುತ್ತದೆ. ಅಲ್ಲಿ ಮೂರು ಇರಬೇಕು: ಪೂರ್ತಿ ಒಪ್ಪಿಗೆ, ಸ್ನ್ಯಾಗ್ ಸಮೇತ ಷರತ್ತಿನ ಒಪ್ಪಿಗೆ, ಒಪ್ಪಿಗೆ ಇಲ್ಲ. ಚೌಕ ಇಲ್ಲದಿದ್ದರೆ ಕೈಯಲ್ಲೇ ಬರೆಯಿರಿ, ಅದಕ್ಕೂ ಅಷ್ಟೇ ಬೆಲೆ.

ಯಾವ ಸ್ನ್ಯಾಗ್ ಇದ್ದರೆ ಒಪ್ಪಲೇಬಾರದು ಎಂಬುದರಲ್ಲಿ ನನ್ನ ಅಳತೆ ಸರಳ. ಜೀವಕ್ಕೆ ಅಪಾಯ ತರುವಂಥದ್ದು, ಇಲ್ಲವೇ ಸೆಟ್ ತನ್ನ ಪೂರ್ತಿ ಲೋಡನ್ನು ಹೊತ್ತುಕೊಂಡು ನಿಲ್ಲುತ್ತದೆ ಎನ್ನುವುದನ್ನೇ ಅನುಮಾನಕ್ಕೆ ತಳ್ಳುವಂಥದ್ದು ಉಳಿದಿದ್ದರೆ ಸಹಿ ಬೇಡ. ಇಂಟರ್‌ಲಾಕ್, ಅರ್ಥಿಂಗ್, ಎಮರ್ಜೆನ್ಸಿ ಸ್ಟಾಪ್, ಆಯಿಲ್ ಪ್ರೆಶರ್ ಇಳಿದಾಗ ನಿಲ್ಲುವ ವ್ಯವಸ್ಥೆ, ಮತ್ತು ನಮ್ಮ ಬಿಸಿಗಾಳಿ, ಎಲ್ಲ ಈ ಗುಂಪಿನವು. ಬಣ್ಣ ಕಿತ್ತುಹೋದದ್ದು, ಒಂದು ಕೀಲಿ ಕಡಿಮೆ ಇರುವುದು, ಕೇಬಲ್‌ಗೆ ಹೆಸರಿನ ಪಟ್ಟಿ ಇಲ್ಲದಿರುವುದು ಹದಿನೈದು ದಿನದ ಗಡುವಿನಲ್ಲಿ ಆಗಬಹುದಾದವು. ಅವುಗಳಿಗೆ ಸ್ವಲ್ಪ ಹಣ ಹಿಡಿದಿಟ್ಟುಕೊಂಡು ಷರತ್ತಿನ ಒಪ್ಪಿಗೆ ಕೊಡಬಹುದು.

ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಬೇರೆಯೇ ಕಾಗದ. ‘ಇನ್‌ಸ್ಪೆಕ್ಟರು ನೋಡಿ ಹೋಗಿದ್ದಾರಲ್ಲ’ ಎಂಬ ಮಾತಿಗೆ ಕಮಿಷನಿಂಗ್ ಹಾಳೆ ಬಿಡಬೇಡಿ. ಅವರು ನೋಡುವುದು ಸುರಕ್ಷತೆ. ನಿಮ್ಮ ಸೆಟ್ ಪೂರ್ತಿ ಲೋಡಿನಲ್ಲಿ ಬಿಸಿಯಾಗುತ್ತದಾ ಎಂದು ನೋಡುವುದು ಅವರ ಕೆಲಸವಲ್ಲ.

ಸಹಿಯ ಪಕ್ಕದಲ್ಲಿ ಎರಡು ತಾರೀಖು ಇರಲಿ: ಪರೀಕ್ಷೆ ನಡೆದ ದಿನ, ಒಪ್ಪಿಕೊಂಡ ದಿನ. ಡಕ್ಟ್ ಹಾಕಿ ಮರುಪರೀಕ್ಷೆ ಆಗಲು ಮೂರು ವಾರ ಹಿಡಿದಿದ್ದರೆ, ವಾರಂಟಿ ಎರಡನೇ ತಾರೀಖಿನಿಂದ ಶುರು ಎಂದು ಅಲ್ಲೇ ಒಂದು ಸಾಲು ಬರೆಸಿ. ಆ ಕ್ಷಣದ ಅವರ್ ಮೀಟರ್, ಡೀಸೆಲ್ ಮಟ್ಟ, ಕೊಟ್ಟ ಕೀಲಿಗಳು, ಕಂಟ್ರೋಲರಿನ ಪಾಸ್‌ವರ್ಡ್, ಮತ್ತು ಅದರಲ್ಲಿ ಹಾಕಿರುವ ಎಲ್ಲ ಸೆಟ್ಟಿಂಗ್‌ಗಳ ಪ್ರಿಂಟ್ ಕೂಡ ಸೇರಲಿ. ಮುಂದೊಂದು ದಿನ ಯಾರಾದರೂ 103ರ ಟ್ರಿಪ್ಪನ್ನು ಸದ್ದಿಲ್ಲದೆ 108 ಮಾಡಿದರೆ, ಅದನ್ನು ಕಂಡುಹಿಡಿಯಲು ನಿಮ್ಮ ಬಳಿ ಇರುವುದು ಆ ಪ್ರಿಂಟ್ ಮಾತ್ರ.